ಕಾಟಾ ಅಂತ ಹುಡುಕಿದರೆ ಖಾತಾ ಬಂತು

ಅಕ್ಟೋಬರ್ ಕಳೆಯುತ್ತಿದ್ದಂತೆ ದಾವಣಗೆರೆಯ ಎಪಿಎಂಸಿ ಯಾರ್ಡಿಗೆ ಹೊಸ ಮೆಕ್ಕೆಜೋಳ ಬರಲು ಶುರುವಾಗುತ್ತದೆ. ಅಲ್ಲಿಂದ ನಮ್ಮ ಆಫೀಸಿನ ಫೋನಿಗೆ ಬಿಡುವಿಲ್ಲ. ನಮ್ಮದು ಸಣ್ಣ ಕಂಪನಿ. ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ರೈತರಿಗೆ ಕೊಡುವ ಪಟ್ಟಿ, ಖರೀದಿದಾರರ ಬಿಲ್ಲು, ಹಮಾಲಿ, ಚೀಲದ ಲೆಕ್ಕ, ಬಾಕಿ ಎಲ್ಲವೂ ಅದರಲ್ಲೇ ನಡೆಯುತ್ತದೆ. ನಾನು ಅಲ್ಲಿ ಫೋನೂ ಎತ್ತುತ್ತೇನೆ, ಸಹಾಯ ಕೇಂದ್ರದ ಲೇಖನಗಳನ್ನೂ ಬರೆಯುತ್ತೇನೆ.

ಸಹಾಯ ಕೇಂದ್ರ ಅಂದರೆ, ಸಾಫ್ಟ್‌ವೇರಿನಲ್ಲಿ "ಸಹಾಯ" ಅನ್ನುವ ಗುಂಡಿ ಒತ್ತಿದಾಗ ತೆರೆದುಕೊಳ್ಳುವ ಜಾಗ. ಮೇಲ್ಗಡೆ ಹುಡುಕುವ ಪೆಟ್ಟಿಗೆ, ಅದರ ಕೆಳಗೆ ವಿಭಾಗಗಳು, ವಿಭಾಗಗಳ ಒಳಗೆ ಲೇಖನಗಳು. ನೋಡಲು ಇಷ್ಟೇ. ಇದು ಎಲ್ಲಿ ಕೆಡುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಒಂದು ಫೋನ್ ಕರೆಯಿಂದ.

ಸೀಸನ್ ಜೋರಾಗಿದ್ದ ಒಂದು ಬೆಳಿಗ್ಗೆ ಯಾರ್ಡಿನಿಂದ ಒಬ್ಬ ಗುಮಾಸ್ತ ಫೋನ್ ಮಾಡಿದ. "ಅಣ್ಣಾ, ಕಾಟಾ ಬರ್ತಿಲ್ಲ. ಸ್ಕ್ರೀನ್ ಮೇಲೆ ಬರೀ ಸೊನ್ನೆ."

ಕಾಟಾ ಅಂದರೆ ತೂಕದ ಯಂತ್ರ. ಚೀಲ ಇಟ್ಟರೆ ತೂಕ ನೇರ ಕಂಪ್ಯೂಟರಿಗೆ ಬಂದು ಪಟ್ಟಿಯಲ್ಲಿ ಕೂರಬೇಕು. ನಾನು ಹೇಳಿದೆ, "ಅದಕ್ಕೆ ಲೇಖನ ಬರೆದಿದ್ದೇವಲ್ಲಪ್ಪ, ಸಹಾಯದಲ್ಲಿ ನೋಡಿದೆಯಾ?"

"ನೋಡಿದೆ ಅಣ್ಣಾ. kata ಅಂತ ಹೊಡೆದೆ. ಖಾತಾ ತೆರೆಯೋದು, ಖಾತಾ ಮುಚ್ಚೋದು ಅಂತ ಏನೇನೋ ಬಂತು."

ಅವನ ಸಮಸ್ಯೆ ಫೋನಿನಲ್ಲೇ ಬಗೆಹರಿಯಿತು. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಅವನಿಗೆ ಬೇಕಾದ ಲೇಖನ ಇತ್ತು. ಅದರಲ್ಲಿ ಉತ್ತರವೂ ಸರಿಯಾಗಿತ್ತು. ಆದರೂ ಅವನಿಗೆ ಸಿಗಲಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದೆ. ತಪ್ಪು ಒಂದೇ ಕಡೆ ಇರಲಿಲ್ಲ. ಲೇಖನ, ವಿಭಾಗ, ಹುಡುಕಾಟ, ಮೂರರಲ್ಲೂ ಇತ್ತು. ಆ ಒಂದು ಲೇಖನವನ್ನು ಹೇಗೆ ಸರಿಮಾಡಿದೆವು ಅನ್ನುವುದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಲೇಖನ

ಹಳೆಯ ಲೇಖನದ ಹೆಸರು "ಸೀರಿಯಲ್ ಪೋರ್ಟ್ ಸಂರಚನೆ". ನಮ್ಮಲ್ಲೇ ಪ್ರೋಗ್ರಾಂ ಬರೆಯುವ ಹುಡುಗ ಬರೆದದ್ದು. ಅವನ ದೃಷ್ಟಿಯಲ್ಲಿ ಹೆಸರು ಸರಿ. ಕಾಟಾದ ಡಬ್ಬಿಯಿಂದ ತೂಕದ ಅಂಕಿಗಳು ಸೀರಿಯಲ್ ಕೇಬಲ್ ಮೂಲಕ ಸಾಲಾಗಿ ಬರುತ್ತವೆ. ಈಗಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಆ ಕೇಬಲ್ ಚುಚ್ಚುವ ಜಾಗ ಇರುವುದಿಲ್ಲ. ಹಾಗಾಗಿ ನಡುವೆ ಯುಎಸ್‌ಬಿ ಕನ್ವರ್ಟರ್ ಹಾಕುತ್ತಾರೆ. ವಿಂಡೋಸ್ ಆ ಕನ್ವರ್ಟರಿಗೆ `COM3` ಅಂತಲೋ `COM5` ಅಂತಲೋ ಒಂದು ನಂಬರ್ ಕೊಡುತ್ತದೆ. ನಮ್ಮ ಸಾಫ್ಟ್‌ವೇರ್ ಯಾವ ನಂಬರಿನಲ್ಲಿ ಕಿವಿ ಇಟ್ಟು ಕೂತಿದೆಯೋ ತೂಕ ಆ ನಂಬರಿನಲ್ಲೇ ಬರಬೇಕು.

ಕಸ ಗುಡಿಸುವಾಗಲೋ, ಮೊಬೈಲ್ ಚಾರ್ಜಿಗೆ ಹಾಕುವಾಗಲೋ ಯಾರೋ ಕನ್ವರ್ಟರ್ ಕಿತ್ತು ಪಕ್ಕದ ತೂತಿಗೆ ಚುಚ್ಚುತ್ತಾರೆ. ಅಗ್ಗದ ಕನ್ವರ್ಟರುಗಳಿಗೆ ಅವುಗಳದ್ದೇ ಆದ ಗುರುತಿನ ಸಂಖ್ಯೆ ಇರುವುದಿಲ್ಲ. ಹಾಗಾಗಿ ತೂತು ಬದಲಾದರೆ ಇದು ಬೇರೆಯೇ ಸಾಧನ ಅಂದುಕೊಂಡು ವಿಂಡೋಸ್ ಹೊಸ ನಂಬರ್ ಕೊಡುತ್ತದೆ. ಸಾಫ್ಟ್‌ವೇರ್ ಮಾತ್ರ ಹಳೆಯ ನಂಬರನ್ನೇ ಕಾಯುತ್ತಿರುತ್ತದೆ. ಸೊನ್ನೆ ಬರುವುದು ಹೀಗೆ. ಯಾವುದೂ ಕೆಟ್ಟಿರುವುದಿಲ್ಲ.

ಹಳೆಯ ಲೇಖನ ಇದನ್ನೆಲ್ಲ ಮೊದಲ ಪುಟದಲ್ಲಿ ವಿವರಿಸಿ, ಎರಡನೇ ಪುಟದ ಕೊನೆಗೆ "ಸೂಕ್ತ ಪೋರ್ಟ್ ಆಯ್ಕೆ ಮಾಡಿ" ಅಂದಿತ್ತು. ಅಂಗಡಿ ಮುಂದೆ ಗಾಡಿ ನಿಂತಿದೆ, ಹಮಾಲರು ಕಾಯುತ್ತಿದ್ದಾರೆ. ಆ ಹೊತ್ತಿನಲ್ಲಿ ಪಾಠ ಓದುವ ತಾಳ್ಮೆ ಯಾರಿಗಿರುತ್ತದೆ? ಮೇಲಾಗಿ, ಸೂಕ್ತ ಪೋರ್ಟ್ ಯಾವುದು ಅಂತ ಗೊತ್ತಾಗುವುದು ಹೇಗೆ ಅನ್ನುವುದೇ ಅದರಲ್ಲಿ ಇರಲಿಲ್ಲ.

ಟೆಂಪ್ಲೇಟ್ ಬೇಕಾಗುವುದು ಇಲ್ಲಿ. ಟೆಂಪ್ಲೇಟ್ ಅಂದರೆ ಲೇಖನದ ಅಚ್ಚು. ಯಾರೇ ಬರೆದರೂ ಯಾವ ಮಾತು ಎಲ್ಲಿ ಬರಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ಮೂರು ಅಚ್ಚುಗಳಿವೆ. "ಹೇಗೆ ಮಾಡುವುದು" ಅನ್ನುವುದಕ್ಕೆ ಒಂದು, "ಏನೋ ಕೆಟ್ಟಿದೆ" ಅನ್ನುವುದಕ್ಕೆ ಒಂದು, "ಇದರ ಅರ್ಥ ಏನು" ಅನ್ನುವುದಕ್ಕೆ ಇನ್ನೊಂದು. ಮೂರನ್ನೂ ಒಂದೇ ಲೇಖನದಲ್ಲಿ ಕಲಸಿದ್ದೇ ಹಳೆಯ ಲೇಖನದ ದೊಡ್ಡ ತಪ್ಪು. ಕೆಟ್ಟಾಗ ಓದುವವನಿಗೆ ಅರ್ಥ ಬೇಕಿಲ್ಲ, ದಾರಿ ಬೇಕು. ಸೀರಿಯಲ್ ಪೋರ್ಟಿನ ಕಥೆಯನ್ನು ಎತ್ತಿ ಬೇರೆ ಲೇಖನ ಮಾಡಿದೆವು. ಅದನ್ನು ಓದುವವರು ಹೆಚ್ಚಾಗಿ ಕಂಪ್ಯೂಟರ್ ರಿಪೇರಿಯವರು.

"ಏನೋ ಕೆಟ್ಟಿದೆ" ಅಚ್ಚಿಗೆ ಹಾಕಿ ಮತ್ತೆ ಬರೆದ ಲೇಖನ ಈಗ ಹೀಗಿದೆ:

> ಕಾಟಾದಿಂದ ತೂಕ ಬರ್ತಿಲ್ಲ, ಸ್ಕ್ರೀನಿನಲ್ಲಿ 0.00 ಕಾಣ್ತಿದೆ
>
> ಇದು ನಿಮ್ಮದೇ ಸಮಸ್ಯೆಯಾ? ಕಾಟಾದ ಡಬ್ಬಿಯಲ್ಲಿ ತೂಕ ಕಾಣುತ್ತದೆ, ಪಟ್ಟಿಯ ಸ್ಕ್ರೀನಿನಲ್ಲಿ ಮಾತ್ರ 0.00 ಇದೆ. ಹಾಗಿದ್ದರೆ ಮುಂದೆ ಓದಿ. ಡಬ್ಬಿಯಲ್ಲೇ ತೂಕ ಕಾಣದಿದ್ದರೆ ಕಾಟಾ ರಿಪೇರಿಯವರನ್ನು ಕರೆಯಿರಿ. ಸ್ಕ್ರೀನಿನಲ್ಲಿ ಸೊನ್ನೆ ಬದಲು ಅರ್ಥವಿಲ್ಲದ ಅಕ್ಷರಗಳು ಬರುತ್ತಿದ್ದರೆ "ತೂಕದ ಜಾಗದಲ್ಲಿ ವಿಚಿತ್ರ ಅಕ್ಷರ" ಲೇಖನ ನೋಡಿ.
>
> ಮೊದಲು ಇಷ್ಟು ಮಾಡಿ. ಕನ್ವರ್ಟರ್ ಕಿತ್ತು, ಮೊದಲು ಯಾವ ತೂತಿನಲ್ಲಿತ್ತೋ ಅದಕ್ಕೇ ಚುಚ್ಚಿ. ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ. ತೂಕ ಬಂದರೆ ಕೆಲಸ ಮುಗಿಯಿತು.
>
> ಬರದಿದ್ದರೆ. ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಮತ್ತು R ಒಟ್ಟಿಗೆ ಒತ್ತಿ. `devmgmt.msc` ಅಂತ ಹೊಡೆದು ಎಂಟರ್ ಒತ್ತಿ. `Ports (COM & LPT)` ಅನ್ನುವ ಸಾಲನ್ನು ತೆರೆಯಿರಿ. ಅಲ್ಲಿ `COM` ಪಕ್ಕದ ನಂಬರ್ ಬರೆದುಕೊಳ್ಳಿ. ಸಾಫ್ಟ್‌ವೇರಿನಲ್ಲಿ ಯುಟಿಲಿಟಿ, ಸೆಟ್ಟಿಂಗ್, ಆಮೇಲೆ ಕಾಟಾ ಒತ್ತಿ ಅದೇ ನಂಬರ್ ಆರಿಸಿ ಉಳಿಸಿ.
>
> ಸರಿಯಾಯಿತು ಅಂತ ಗೊತ್ತಾಗುವುದು ಹೇಗೆ? ಒಂದು ಚೀಲ ಇಡಿ. ಡಬ್ಬಿಯ ತೂಕವೂ ಸ್ಕ್ರೀನಿನ ತೂಕವೂ ಒಂದೇ ಇರಬೇಕು. ಚೀಲ ತೆಗೆದರೆ ಎರಡೂ ಸೊನ್ನೆಗೆ ಬರಬೇಕು.
>
> ಇನ್ನೂ ಆಗದಿದ್ದರೆ. `Ports` ಸಾಲೇ ಕಾಣದಿದ್ದರೆ, ಅಥವಾ ಕನ್ವರ್ಟರ್ ಪಕ್ಕ ಹಳದಿ ಗುರುತು ಇದ್ದರೆ ಹೆಚ್ಚಾಗಿ ಡ್ರೈವರಿನ ತೊಂದರೆ. ನಮಗೆ ಫೋನ್ ಮಾಡಿ. ಆ ಸ್ಕ್ರೀನಿನ ಫೋಟೋ ಕಳಿಸಿ.

ಇದರಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ಮೊದಲ ಭಾಗ, "ಇದು ನಿಮ್ಮದೇ ಸಮಸ್ಯೆಯಾ" ಅನ್ನುವುದು. ಮೂರು ಸಮಸ್ಯೆಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಸೊನ್ನೆ ಬಂದರೆ ಹೆಚ್ಚಾಗಿ ನಂಬರ್ ತಪ್ಪಿರುತ್ತದೆ. ವಿಚಿತ್ರ ಅಕ್ಷರ ಬಂದರೆ ನಂಬರ್ ಸರಿ, ವೇಗ ತಪ್ಪು. ಕಾಟಾ 2400 ವೇಗದಲ್ಲಿ ಕಳಿಸುತ್ತಿರುತ್ತದೆ, ಕಂಪ್ಯೂಟರ್ 9600ರಲ್ಲಿ ಕೇಳುತ್ತಿರುತ್ತದೆ. ಒಬ್ಬರು ನಿಧಾನ ಮಾತಾಡುವಾಗ ಇನ್ನೊಬ್ಬರು ಗಡಿಬಿಡಿಯಲ್ಲಿ ಕೇಳಿಸಿಕೊಂಡ ಹಾಗೆ. ಡಬ್ಬಿಯಲ್ಲೇ ಅಂಕಿ ಇಲ್ಲದಿದ್ದರೆ ನಮ್ಮ ಸಾಫ್ಟ್‌ವೇರಿಗೂ ಅದಕ್ಕೂ ಸಂಬಂಧವಿಲ್ಲ. ಓದುವವನು ತಪ್ಪು ಲೇಖನಕ್ಕೆ ಬಂದಿದ್ದರೆ ಮೂರನೇ ಸಾಲಿನಲ್ಲೇ ಅವನನ್ನು ಸರಿಯಾದ ಕಡೆ ಕಳಿಸಬೇಕು. ಹತ್ತು ಹೆಜ್ಜೆ ನಡೆಸಿದ ಮೇಲೆ ಕಳಿಸಿದರೆ ಅವನು ಇನ್ನೊಮ್ಮೆ ಸಹಾಯ ಕೇಂದ್ರದ ಕಡೆ ತಲೆ ಹಾಕುವುದಿಲ್ಲ.

ಎರಡನೇ ಭಾಗವೂ ಬೇಕೆಂದೇ ಹಾಗೆ ಬರೆದದ್ದು. "ಹಳೇ ತೂತಿಗೆ ಚುಚ್ಚಿ" ಅನ್ನುವುದು ಕಾರಣವನ್ನು ಹುಡುಕುವುದಿಲ್ಲ. ಆದರೆ ಅರ್ಧ ನಿಮಿಷದ ಕೆಲಸ, ಮಾಡಿದರೆ ಏನೂ ಕೆಡುವುದಿಲ್ಲ. ಸುಲಭದ್ದು, ಅಪಾಯ ಇಲ್ಲದ್ದು ಮೊದಲು ಬರಲಿ ಅಂತ ಅಚ್ಚಿನಲ್ಲೇ ಬರೆದಿಟ್ಟಿದ್ದೇವೆ.

ಓದುವವರಿಗೆ ಕಾಣದ ಒಂದು ಭಾಗವೂ ಅಚ್ಚಿನಲ್ಲಿದೆ. ಸಾಫ್ಟ್‌ವೇರಿನ ಯಾವ ಆವೃತ್ತಿಯಲ್ಲಿ ಈ ಹೆಜ್ಜೆಗಳನ್ನು ಮಾಡಿ ನೋಡಿದ್ದು, ಯಾರು ನೋಡಿದ್ದು, ಯಾವಾಗ ಅನ್ನುವುದು. ಹೊಸ ಆವೃತ್ತಿಯಲ್ಲಿ "ಸೆಟ್ಟಿಂಗ್" ಅನ್ನುವುದನ್ನು ಬೇರೆ ಮೆನುವಿಗೆ ಸರಿಸಿದರೆ ಈ ಲೇಖನ ಆ ದಿನವೇ ಸುಳ್ಳಾಗುತ್ತದೆ. ಆವೃತ್ತಿ ಬರೆದಿಟ್ಟಿದ್ದರೆ ಯಾವ್ಯಾವ ಲೇಖನ ಮತ್ತೆ ನೋಡಬೇಕು ಅನ್ನುವ ಪಟ್ಟಿ ತಾನಾಗೇ ಸಿಗುತ್ತದೆ.

ಇಸ್ಪೀಟಿನ ಹಾಗೆ ಹಂಚಿದ ವಿಭಾಗಗಳು

ಹಳೆಯ ಲೇಖನ ಇದ್ದದ್ದು "ಯುಟಿಲಿಟಿ" ಅನ್ನುವ ವಿಭಾಗದಲ್ಲಿ. ಉಳಿದವು "ಮಾಸ್ಟರ್", "ಎಂಟ್ರಿ", "ರಿಪೋರ್ಟ್". ಇವು ನಮ್ಮ ಸಾಫ್ಟ್‌ವೇರಿನ ಮೆನುವಿನ ಹೆಸರುಗಳು. ಯೋಚನೆ ಮಾಡದೆ ಅವನ್ನೇ ಎತ್ತಿ ಇಲ್ಲಿ ಹಾಕಿದ್ದೆವು. ಕಾಟಾ ಸೆಟ್ಟಿಂಗ್ ಯುಟಿಲಿಟಿ ಮೆನುವಿನಲ್ಲಿದೆ ಅಂತ ಗೊತ್ತಿರುವವನಿಗೆ ಸಹಾಯವೇ ಬೇಕಿರಲಿಲ್ಲ, ಅಲ್ವಾ?

ಹೊಸ ವಿಭಾಗ ಮಾಡಲು ಒಂದು ಹಳೆಯ ಉಪಾಯ ಇದೆ. ಪ್ರತಿ ಲೇಖನದ ವಿಷಯವನ್ನು ಒಂದೊಂದು ಚೀಟಿಯಲ್ಲಿ ಬರೆದು, ಬಳಸುವವರ ಕೈಗೆ ಕೊಟ್ಟು, "ಒಟ್ಟಿಗೆ ಇರಬೇಕು ಅನ್ನಿಸಿದ್ದನ್ನು ಒಟ್ಟಿಗೆ ಇಡಿ, ಆ ಗುಂಪಿಗೆ ನಿಮಗೆ ತೋಚಿದ ಹೆಸರು ಕೊಡಿ" ಅನ್ನುವುದು. ನಾವೇನೂ ಹೇಳಿಕೊಡಬಾರದು. ಯಾರ್ಡಿನಲ್ಲಿ ವ್ಯಾಪಾರ ಮುಗಿದ ಒಂದು ಸಂಜೆ ಮೂವರು ಗುಮಾಸ್ತರನ್ನು ಕೂರಿಸಿಕೊಂಡೆ. ಮಂಡಕ್ಕಿ, ಮಿರ್ಚಿ ಖರ್ಚು ನಮ್ಮದು. ಚೀಟಿಗಳ ಮೇಲೆ ಎಣ್ಣೆ ಕಲೆ ಬಿತ್ತು, ಆದರೆ ಕೆಲಸ ಆಯಿತು.

ಮೂವರೂ ಕಾಟಾದ ಚೀಟಿಯನ್ನು ಪ್ರಿಂಟರ್ ಚೀಟಿಗಳ ಜೊತೆ ಇಟ್ಟರು. ನಮ್ಮ ಮೆನುವಿನಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ. ಆದರೆ ಅವರ ಲೆಕ್ಕದಲ್ಲಿ ಎರಡೂ "ವೈರ್ ಇರೋ ಸಾಮಾನು". ಹೀಗೆ "ಕಾಟಾ, ಪ್ರಿಂಟರ್, ಕೇಬಲ್" ಅನ್ನುವ ವಿಭಾಗ ಹುಟ್ಟಿತು. "ಪಟ್ಟಿ ಮತ್ತು ಬಿಲ್ಲು", "ಬಾಕಿ ಮತ್ತು ಜಮಾ", "ಚೀಲ ಮತ್ತು ಹಮಾಲಿ" ಕೂಡ ಅವರೇ ಕೊಟ್ಟ ಹೆಸರುಗಳು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಲೇಖನಗಳು ನಮ್ಮಲ್ಲಿ ನಾಲ್ಕು ಕಡೆ ಚೆಲ್ಲಿದ್ದವು. ಅವರು ಎಲ್ಲವನ್ನೂ ಒಂದೇ ಕಡೆ ಗುಡ್ಡೆ ಹಾಕಿ "ವರ್ಷದ ಕೊನೆ" ಅಂದರು.

ಜಗಳ ಬಂದದ್ದು ಒಂದೇ ಚೀಟಿಗೆ: "ಪಟ್ಟಿ ರದ್ದು ಮಾಡುವುದು". ಇಬ್ಬರು ಪಟ್ಟಿಯ ಗುಂಪಿಗೆ ಹಾಕಿದರು. ಮೂರನೆಯವನು ಬಾಕಿಯ ಗುಂಪಿಗೆ ಎಳೆದ. "ಪಟ್ಟಿ ರದ್ದಾದ್ರೆ ರೈತನಿಗೆ ಕೊಟ್ಟ ಮುಂಗಡದ ಲೆಕ್ಕ ತಪ್ಪುತ್ತೆ, ನಂಗೆ ತಲೆನೋವು ಅದೇ" ಅಂದ. ಇಬ್ಬರ ಮಾತೂ ಸರಿ. ಅಂಥ ಲೇಖನವನ್ನು ಎರಡು ಕಡೆ ಎರಡು ಪ್ರತಿ ಮಾಡಿ ಇಡಬಾರದು. ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಗ್ಯಾರಂಟಿ. ಲೇಖನ ಒಂದೇ ಮನೆಯಲ್ಲಿರಲಿ, ಇನ್ನೊಂದು ಮನೆಯಿಂದ ಕೊಂಡಿ ಇರಲಿ.

"ಇತರೆ" ಅನ್ನುವ ವಿಭಾಗ ನಾವು ಇಟ್ಟಿಲ್ಲ. ಇಟ್ಟರೆ ಬರೆಯುವವರು ಸೋಮಾರಿಗಳಾಗಿ ಎಲ್ಲವನ್ನೂ ಅದಕ್ಕೇ ತುಂಬುತ್ತಾರೆ. ವಿಭಾಗದೊಳಗೆ ಉಪವಿಭಾಗ, ಅದರೊಳಗೆ ಇನ್ನೊಂದು ಅಂತಲೂ ಮಾಡಿಲ್ಲ. ನಮ್ಮದು ಅರವತ್ತು ಚಿಲ್ಲರೆ ಲೇಖನಗಳ ಸಂಸಾರ, ಅಷ್ಟಕ್ಕೆ ಒಂದು ಮೆಟ್ಟಿಲು ಸಾಕು.

ಹುಡುಕಾಟ, ನಿಜವಾದ ತೊಂದರೆ ಇಲ್ಲಿ

ಗಡಿಬಿಡಿಯಲ್ಲಿರುವವರು ವಿಭಾಗ ನೋಡುವುದಿಲ್ಲ. ನೇರ ಪೆಟ್ಟಿಗೆಯಲ್ಲಿ ಹೊಡೆಯುತ್ತಾರೆ. ಹಾಗಾಗಿ ಹುಡುಕಾಟ ಒಳಗೆ ಏನು ಮಾಡುತ್ತದೆ ಅಂತ ತಿಳಿದಿರಬೇಕು.

ನಾವು ಪದ ಹೊಡೆದಾಗ ಕಂಪ್ಯೂಟರ್ ಎಲ್ಲಾ ಲೇಖನಗಳನ್ನೂ ಓದುವುದಿಲ್ಲ. ಮೊದಲೇ ಒಂದು ಸೂಚಿ ಮಾಡಿಟ್ಟುಕೊಂಡಿರುತ್ತದೆ. ದಪ್ಪ ಪುಸ್ತಕದ ಕೊನೆಗೆ ಯಾವ ಪದ ಯಾವ ಪುಟದಲ್ಲಿದೆ ಅಂತ ಪಟ್ಟಿ ಇರುತ್ತದಲ್ಲ, ಹಾಗೆ. ನೀವು ಹೊಡೆದ ಪದ ಆ ಸೂಚಿಯಲ್ಲಿದ್ದರೆ ಲೇಖನ ಸಿಗುತ್ತದೆ. ಇಲ್ಲದಿದ್ದರೆ ಇಲ್ಲ. ಅದಕ್ಕೆ ಅರ್ಥ ಗೊತ್ತಿಲ್ಲ. ಕಾಟಾ ಅಂದರೂ ತೂಕದ ಯಂತ್ರ ಅಂದರೂ ಒಂದೇ ಅಂತ ನಾವು ಹೇಳಿಕೊಡುವ ತನಕ ಅದಕ್ಕೆ ತಿಳಿಯುವುದಿಲ್ಲ. ಹಳೆಯ ಲೇಖನದಲ್ಲಿ "ಕಾಟಾ" ಅನ್ನುವ ಪದ ಒಂದು ಸಲವೂ ಇರಲಿಲ್ಲ. "ತೂಕ ಮಾಪಕ ಉಪಕರಣ" ಅಂತ ಇತ್ತು. ಯಾರ್ಡಿನಲ್ಲಿ ಆ ಮಾತು ಯಾರ ಬಾಯಲ್ಲೂ ಕೇಳಿಲ್ಲ.

ಹಾಗಾದರೆ ಏನೂ ಸಿಗಬಾರದಿತ್ತು. ಖಾತಾ ಎಲ್ಲಿಂದ ಬಂತು?

ಬಂದದ್ದು ಕಾಗುಣಿತದ ತಪ್ಪನ್ನು ಕ್ಷಮಿಸುವ ಸೌಲಭ್ಯದಿಂದ. ಹೆಚ್ಚಿನ ಹುಡುಕಾಟದ ತಂತ್ರಾಂಶಗಳಲ್ಲಿ ಇದು ಇರುತ್ತದೆ. ಪದದಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಪರವಾಗಿಲ್ಲ ಅನ್ನುತ್ತದೆ. ಎಲಾಸ್ಟಿಕ್‌ಸರ್ಚ್‌ನಲ್ಲಿ ಇದನ್ನು `AUTO` ಅಂತ ಬಿಟ್ಟರೆ, ಎರಡು ಅಕ್ಷರದ ತನಕ ತಪ್ಪಿಗೆ ಅವಕಾಶ ಇಲ್ಲ, ಮೂರರಿಂದ ಐದು ಅಕ್ಷರಕ್ಕೆ ಒಂದು ತಪ್ಪು, ಅದಕ್ಕಿಂತ ಉದ್ದ ಇದ್ದರೆ ಎರಡು ತಪ್ಪು. `kata` ನಾಲ್ಕು ಅಕ್ಷರ. ಒಂದು `h` ಸೇರಿಸಿದರೆ `khata`. ಖಾತೆಗಳ ಲೇಖನಗಳಿಗೆ ಯಾರೋ ಪುಣ್ಯಾತ್ಮರು ಇಂಗ್ಲಿಷ್ ಅಕ್ಷರದಲ್ಲಿ `khata` ಅಂತ ಹುಡುಕುಪದ ಸೇರಿಸಿದ್ದರು. ಕಾಟಾದ ಲೇಖನಕ್ಕೆ ಯಾರೂ ಏನೂ ಸೇರಿಸಿರಲಿಲ್ಲ. "ಇವನು ಖಾತಾ ಅಂತಲೇ ಹೊಡೆಯಲು ಹೋಗಿ ತಪ್ಪಿದ್ದಾನೆ" ಅಂತ ಕಂಪ್ಯೂಟರ್ ಅಂದುಕೊಂಡಿತು.

ಕನ್ನಡ ಅಕ್ಷರದಲ್ಲಿ ಇದು ಇನ್ನೂ ಗೊಂದಲ. ನಮ್ಮ ಕಣ್ಣಿಗೆ "ಪಟ್ಟಿ" ಎರಡು ಅಕ್ಷರ. ಕಂಪ್ಯೂಟರಿಗೆ ಐದು: ಪ, ಟ, ಅರ್ಧಾಕ್ಷರದ ಗುರುತು, ಇನ್ನೊಂದು ಟ, ಕೊನೆಗೆ ಗುಡಿಸು. ಐದು ಅಂದರೆ ಒಂದು ತಪ್ಪಿಗೆ ಅವಕಾಶ. ಆಗ "ಪಟ್ಟಿ"ಗೆ "ಕಟ್ಟಿ", "ಹಟ್ಟಿ" ಎಲ್ಲಾ ನೆಂಟರೇ. ಇಂಗ್ಲಿಷಿಗೆ ಅಂತ ಮಾಡಿದ ಅಳತೆಯನ್ನು ಸುಮ್ನೆ ಕನ್ನಡಕ್ಕೆ ಹಚ್ಚಿದರೆ ಹೀಗಾಗುತ್ತದೆ. ನಾವು ಮಾಡಿದ ತಿದ್ದುಪಡಿ ಸರಳ: ಮೊದಲು ಸರಿಯಾದ ಪದಕ್ಕೆ ಹುಡುಕು, ಆಮೇಲೆ ಸಮಾನಪದಗಳಿಗೆ ಹುಡುಕು. ಎರಡರಲ್ಲೂ ಏನೂ ಸಿಗದಿದ್ದರೆ ಮಾತ್ರ ತಪ್ಪನ್ನು ಕ್ಷಮಿಸು.

ಸಮಾನಪದ ಅಂದೆನಲ್ಲ, ಅದು ಒಂದು ಸಾದಾ ಫೈಲ್. ಒಂದು ಸಾಲಿನಲ್ಲಿ ಇರುವುದೆಲ್ಲ ಒಂದೇ ಅಂತ ಅರ್ಥ:

```
ಕಾಟಾ, ಕಾಟ, ತೂಕ, kata, kaata, tuka, weight
ಪಟ್ಟಿ, ತಕ್ಪಟ್ಟಿ, patti, takpatti
ಮೆಕ್ಕೆಜೋಳ, ಮೆಕ್ಕೆ ಜೋಳ, ಗೋವಿನಜೋಳ, ಮುಸುಕಿನ ಜೋಳ
```

ಮೂರನೇ ಸಾಲು ನೋಡಿ. ನಮ್ಮ ಕಡೆ ಮೆಕ್ಕೆಜೋಳ. ಹಾವೇರಿ, ಧಾರವಾಡದ ಕಡೆಯವರಿಗೆ ಗೋವಿನಜೋಳ. ಮೈಸೂರು ಕಡೆ ಮುಸುಕಿನ ಜೋಳ. ಸಾಫ್ಟ್‌ವೇರ್ ಒಂದೇ, ಕೊಂಡವರು ಬೇರೆ ಬೇರೆ ಊರಿನವರು. ಕೆಲವರು ಕನ್ನಡದಲ್ಲಿ ಹೊಡೆಯುತ್ತಾರೆ, ಬಹಳ ಜನ ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಅವರವರ ಕಾಗುಣಿತ ಅವರವರಿಗೆ. ಇದನ್ನು ಕೂತಲ್ಲೇ ಊಹೆ ಮಾಡಿ ತುಂಬಿಸಲು ಆಗದು. ಜನ ಹೊಡೆದದ್ದನ್ನು ನೋಡಿ ಸೇರಿಸುತ್ತಾ ಹೋಗಬೇಕು. ಜಾಸ್ತಿ ಸೇರಿಸಿದರೂ ಕಷ್ಟ. ಒಮ್ಮೆ "ಬಿಲ್ಲು" ಮತ್ತು "ಪಟ್ಟಿ" ಒಂದೇ ಸಾಲಿಗೆ ಹಾಕಿದೆ. ರೈತರಿಗೆ ಕೊಡುವ ಕಾಗದ ಮತ್ತು ಖರೀದಿದಾರರಿಗೆ ಕೊಡುವ ಕಾಗದ ಎರಡೂ ಕಲಸಿಕೊಂಡು ಬಂದವು. ಮರುದಿನವೇ ತೆಗೆದೆ.

ಇನ್ನು ಕನ್ನಡದ ವಿಭಕ್ತಿ. ಲೇಖನದಲ್ಲಿ "ಕಾಟಾ" ಇದೆ, ಹುಡುಕುವವರು "ಕಾಟಾದಿಂದ" ಅಂತ ಹೊಡೆಯುತ್ತಾರೆ. ಸೂಚಿಗೆ ಇವೆರಡೂ ಬೇರೆ ಪದ. ಇಂಗ್ಲಿಷಿನಲ್ಲಾದರೆ ಪದದ ಬಾಲ ಕತ್ತರಿಸುವ ಸಿದ್ಧ ವ್ಯವಸ್ಥೆ ಇದೆ. ಕನ್ನಡಕ್ಕೆ ನಾವೇ ಒಂದು ಪುಟ್ಟ ಪಟ್ಟಿ ಮಾಡಿದೆವು: ಗಳು, ಗಳನ್ನು, ದ, ದಲ್ಲಿ, ದಿಂದ, ಕ್ಕೆ, ವನ್ನು. ಪದದ ಕೊನೆಗೆ ಇವು ಇದ್ದರೆ ಕತ್ತರಿಸು. ಮೊದಲ ದಿನವೇ "ಮೆಕ್ಕೆ ಜೋಳ" ಅಂತ ಬಿಡಿಸಿ ಬರೆದವರಿಗೆ ಏನೂ ಸಿಗಲಿಲ್ಲ. "ಮೆಕ್ಕೆ"ಯ ಬಾಲದಲ್ಲೂ "ಕ್ಕೆ" ಇದೆಯಲ್ಲ! ಅದನ್ನು ಕತ್ತರಿಸಿ "ಮೆ" ಉಳಿಸಿತ್ತು. ದಾವಣಗೆರೆಯಲ್ಲಿ ಕೂತು ಮೆಕ್ಕೆಜೋಳವನ್ನೇ ಕತ್ತರಿಸಿದ್ದಕ್ಕೆ ಆಫೀಸಿನಲ್ಲಿ ಒಂದು ವಾರ ನನ್ನನ್ನು ಆಡಿಕೊಂಡರು. ಕತ್ತರಿಸಿದ ಮೇಲೆ ಕನಿಷ್ಠ ಮೂರು ಸಂಕೇತ ಉಳಿಯದಿದ್ದರೆ ಮುಟ್ಟಬೇಡ ಅಂತ ನಿಯಮ ಹಾಕಿದ ಮೇಲೆ ಸರಿಹೋಯಿತು. "ಮೆ"ಯಲ್ಲಿ ಇರುವುದು ಎರಡೇ ಸಂಕೇತ.

ಕಣ್ಣಿಗೆ ಕಾಣದ ಅಕ್ಷರಗಳು

ಇದು ಕನ್ನಡದಲ್ಲಿ ಸಹಾಯ ಕೇಂದ್ರ ಮಾಡುವವರೆಲ್ಲ ಒಮ್ಮೆ ಎಡವುವ ಜಾಗ. "ಬಿಲ್" ಅಂತ ಲೇಖನದ ಹೆಸರಿನಲ್ಲೇ ಇದೆ. "ಬಿಲ್" ಅಂತಲೇ ಹೊಡೆದರೂ ಸಿಗುವುದಿಲ್ಲ. ಕಾರಣ, ಕೆಲವು ಕೀಬೋರ್ಡುಗಳು ಅರ್ಧಾಕ್ಷರದ ನಂತರ ಒಂದು ಕಾಣದ ಗುರುತನ್ನು ಸೇರಿಸುತ್ತವೆ. ಯೂನಿಕೋಡಿನಲ್ಲಿ ಅದರ ಸಂಖ್ಯೆ `U+200C`. ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಇಳಿಯದಂತೆ ತಡೆಯುವುದು ಅದರ ಕೆಲಸ. ಪದದ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ನೋಡಲು ಒಂದೇ. ಕಂಪ್ಯೂಟರಿಗೆ ಮಾತ್ರ ಬೇರೆ ಪದ. ಹಾಗೆಯೇ "ಕೋ" ಅನ್ನುವುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು.

ಪರಿಹಾರ ಚಿಕ್ಕದು. ಸೂಚಿಗೆ ಹಾಕುವ ಪದಕ್ಕೂ, ಜನ ಹೊಡೆಯುವ ಪದಕ್ಕೂ ಒಂದೇ ಸ್ನಾನ ಮಾಡಿಸಬೇಕು:

```js
function shuchi(s) {
  return s.normalize("NFC")
          .replace(/[\u200B-\u200D\uFEFF]/g, "")
          .toLowerCase().trim();
}
```

`NFC` ತುಂಡುಗಳನ್ನು ಒಂದು ಮಾಡುತ್ತದೆ. `replace` ಇರುವ ಸಾಲು ಕಾಣದ ಗುರುತುಗಳನ್ನು ತೆಗೆಯುತ್ತದೆ. ಎರಡರಲ್ಲಿ ಒಂದು ಕಡೆ ಮಾತ್ರ ಇದನ್ನು ಮಾಡಿದರೆ ಮೊದಲಿಗಿಂತ ಜಾಸ್ತಿ ಕೆಡುತ್ತದೆ. ಲೇಖನವನ್ನು ಜನರಿಗೆ ತೋರಿಸುವಾಗ ಮಾತ್ರ ಮೂಲ ಅಕ್ಷರಗಳನ್ನೇ ತೋರಿಸಬೇಕು. ಇಲ್ಲದಿದ್ದರೆ "ಸಾಫ್ಟ್‌ವೇರ್" ಒತ್ತಕ್ಷರವಾಗಿ ಕಲಸಿಹೋಗುತ್ತದೆ.

ಇದಕ್ಕಿಂತ ಹಳೆಯ ರೋಗ ನುಡಿ ತಂತ್ರಾಂಶದ ಹಳೇ ಫಾಂಟು. ನಮ್ಮ ಮೊದಲ ಕೆಲವು ಲೇಖನಗಳನ್ನು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆವು. ಅವು ಯೂನಿಕೋಡ್ ಅಲ್ಲ. ಒಳಗೆ ಇಂಗ್ಲಿಷಿನ ಸಂಕೇತಗಳೇ ಇರುತ್ತವೆ, ಫಾಂಟು ಮಾತ್ರ ಕನ್ನಡದ ವೇಷ ಹಾಕುತ್ತದೆ. "ಕನ್ನಡ" ಅಂತ ಓದುವ ಜಾಗದಲ್ಲಿ ನಿಜವಾಗಿ ಇರುವುದು `PÀ£ÀßqÀ`. ಫಾಂಟು ಇರುವ ತನಕ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಹುಡುಕಾಟಕ್ಕೆ ಅದು ಕಸ. ಗುರುತಿಸುವುದು ಸುಲಭ. ಲೇಖನದಿಂದ ಒಂದು ಪದ ಕಾಪಿ ಮಾಡಿ ಹುಡುಕುವ ಪೆಟ್ಟಿಗೆಗೆ ಹಾಕಿ. ಅಲ್ಲಿ ಈ ಥರ ಕಂಡರೆ ಯೂನಿಕೋಡಿಗೆ ಬದಲಾಯಿಸಿ, ಒಮ್ಮೆ ಪೂರ್ತಿ ಓದಿ. ಬದಲಾಯಿಸುವ ಸಾಧನಗಳು ಒತ್ತಕ್ಷರಗಳಲ್ಲಿ ಆಗಾಗ ತಪ್ಪುತ್ತವೆ.

ಸೋಮವಾರದ ಓದು

ಪ್ರತಿ ಸೋಮವಾರ ನಾನು ಹಿಂದಿನ ವಾರ ಜನ ಏನೇನು ಹುಡುಕಿದರು ಅನ್ನುವುದನ್ನು ಓದುತ್ತೇನೆ. ಹೊಡೆದ ಪದ, ಎಷ್ಟು ಲೇಖನ ಬಂದವು, ಯಾವುದನ್ನಾದರೂ ತೆರೆದರೋ ಇಲ್ಲವೋ. ಹೊಡೆದವರು ಯಾರು ಅನ್ನುವುದು ಬೇಕಿಲ್ಲ. ಕೆಲವರು ಪೆಟ್ಟಿಗೆಯಲ್ಲಿ ರೈತರ ಫೋನ್ ನಂಬರನ್ನೇ ಹೊಡೆದು ಹುಡುಕುತ್ತಾರೆ, ಪಾಪ, ಅದೇ ಬಾಕಿ ನೋಡುವ ಜಾಗ ಅಂದುಕೊಂಡು. ಹಾಗಾಗಿ ಉದ್ದನೆಯ ಅಂಕಿಗಳನ್ನು ಉಳಿಸುವ ಮೊದಲೇ ಅಳಿಸಿಬಿಡುತ್ತೇವೆ.

ಏನೂ ಸಿಗದೆ ಹೋದ ಹುಡುಕಾಟಗಳನ್ನು ಮೊದಲು ನೋಡುತ್ತೇನೆ. ಲೇಖನ ಇದೆ, ಪದ ಇಲ್ಲ ಅಂದರೆ ಸಮಾನಪದದ ಫೈಲಿಗೆ ಒಂದು ಪದ ಸೇರುತ್ತದೆ. ಲೇಖನವೇ ಇಲ್ಲ ಅಂದರೆ ಬರೆಯಬೇಕು. ಮೂರನೇ ಥರದ್ದೂ ಇದೆ: "ಇವತ್ತಿನ ರೇಟು". ಸೀಸನ್ನಿನಲ್ಲಿ ಇದು ಬರದ ವಾರವಿಲ್ಲ. ಅದು ಸಹಾಯ ಕೇಂದ್ರದ ವಿಷಯವಲ್ಲ. ಆದರೆ ಬರಿಗೈಲಿ ಕಳಿಸುವುದು ಬೇಡ ಅಂತ, ಸಾಫ್ಟ್‌ವೇರಿನಲ್ಲಿ ದಿನದ ದರ ನಮೂದಿಸುವುದು ಹೇಗೆ ಅನ್ನುವ ಲೇಖನಕ್ಕೆ ದಾರಿ ಮಾಡಿದ್ದೇವೆ.

ಹೆಚ್ಚು ಕಲಿಸುವುದು ಮಾತ್ರ ಇನ್ನೊಂದು ಗುಂಪು: ಲೇಖನಗಳು ಬಂದವು, ಯಾರೂ ಒಂದನ್ನೂ ತೆರೆಯಲಿಲ್ಲ. ಖಾತಾ ಬಂದ ನಮ್ಮ ಗುಮಾಸ್ತನ ಹುಡುಕಾಟ ಇದೇ ಗುಂಪಿನದು. ಏನೂ ಸಿಗದವುಗಳನ್ನು ಮಾತ್ರ ನೋಡುವವರಿಗೆ ಅದು ಕಾಣುವುದೇ ಇಲ್ಲ. ಲೆಕ್ಕದಲ್ಲಿ ಅದು "ಸಿಕ್ಕಿದೆ" ಅಂತಲೇ ದಾಖಲಾಗಿತ್ತು.

ಈಗ ಹೊಸದೊಂದು ಶುರುವಾಗಿದೆ. ಜನ ಮೊಬೈಲಿನ ಮೈಕ್ ಒತ್ತಿ ಮಾತಾಡಿಯೇ ಹುಡುಕುತ್ತಾರೆ. "ಕಾಟಾದಿಂದ ತೂಕ ಕಂಪ್ಯೂಟರಿಗೆ ಬರ್ತಾ ಇಲ್ಲ ಏನ್ ಮಾಡ್ಬೇಕು" ಅಂತ ಇಡೀ ವಾಕ್ಯ ಬರುತ್ತದೆ. ನಮ್ಮ ಹುಡುಕಾಟ ಹೊಡೆದ ಎಲ್ಲಾ ಪದಗಳೂ ಲೇಖನದಲ್ಲಿ ಇರಬೇಕು ಅನ್ನುತ್ತಿತ್ತು. "ಮಾಡ್ಬೇಕು" ಅನ್ನುವುದು ಯಾವ ಲೇಖನದಲ್ಲೂ ಇಲ್ಲವಾದ್ದರಿಂದ ಕೈಗೆ ಸಿಕ್ಕಿದ್ದು ಸೊನ್ನೆ. ಮೂರು ಪದಗಳ ತನಕ ಎಲ್ಲವೂ ಇರಲಿ, ಅದಕ್ಕಿಂತ ಜಾಸ್ತಿ ಇದ್ದರೆ ಅರ್ಧ ಸಿಕ್ಕರೆ ಸಾಕು ಅಂತ ಬದಲಿಸಿದೆವು. "ಏನ್", "ಹೇಗೆ", "ಬೇಕು", "ಇಲ್ಲ" ಥರದ ಪದಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡ ಅಂತಲೂ ಹೇಳಿದೆವು. ಎರಡೇ ದಿನಕ್ಕೆ "ಇಲ್ಲ"ವನ್ನು ವಾಪಸ್ ಸೇರಿಸಬೇಕಾಯಿತು. "ಜಿಎಸ್‌ಟಿ ಇಲ್ಲದ ಬಿಲ್ಲು" ಅಂತ ಕೇಳಿದವರಿಗೆ ಜಿಎಸ್‌ಟಿ ಇರುವ ಬಿಲ್ಲಿನ ಲೇಖನವೇ ಮೇಲೆ ಬರುತ್ತಿತ್ತು. ಬಾಲ ಕತ್ತರಿಸುವಾಗ "ಇಲ್ಲದ" ಹೋಗಿ "ಇಲ್ಲ" ಆಗುತ್ತದೆ, ಅದನ್ನೂ ನಾವೇ ಬಿಸಾಡಿದ್ದೆವು.